ಉಗ್ಗು ಮೊದಲೋ, ಹೆದರಿಕೆ ಮೊದಲೋ? ಬಸ್ಸಿನಲ್ಲಿ ಊರ ಹೆಸರು ಹೇಳಲು ಒದ್ದಾಡುವವರ ಅನುಭವ ಬೇಕು

ನವನಗರದ ಹುಡುಗ (ಬಾಗಲಕೋಟೆ):
ನನಗೆ ಚಿಕ್ಕಂದಿನಿಂದ ಉಗ್ಗು ಇದೆ. ಬೆಳಗಾವಿಯಲ್ಲಿ ಟ್ರ್ಯಾಕ್ಟರ್ ಶೋರೂಮಿಗೆ ಕೆಲಸಕ್ಕೆ ಸೇರಿದ ಮೇಲೆ ಜಾಸ್ತಿಯಾಗಿದೆ. ಸರ್ವಿಸ್ ಇದೆ ಅಂತ ರೈತರಿಗೆ ಫೋನ್ ಮಾಡಬೇಕು, ನನ್ನ ಹೆಸರೇ ಬಾಯಿಂದ ಬರಲ್ಲ. ಊರಿಗೆ ಹೋಗುವಾಗ ಕಂಡಕ್ಟರ್‌ಗೆ 'ಬಾಗಲಕೋಟೆ' ಅನ್ನಲು ಆಗದೆ, ಇಳಕಲ್ ಬಸ್ ಹತ್ತಿ ಹುನಗುಂದಕ್ಕೆ ಟಿಕೆಟ್ ತಗೊಂಡು ನಡುವೆ ಇಳಿಯುತ್ತೇನೆ. ಆದರೆ ಒಬ್ಬನೇ ಇದ್ದಾಗ ಎಲ್ಲ ಸರಿಯಾಗಿ ಬರುತ್ತೆ. ಹಾಗಾದರೆ ಇದು ಬರೀ ಹೆದರಿಕೆನಾ? ಹೆದರಿಕೆ ಹೋದರೆ ಉಗ್ಗೂ ಹೋಗುತ್ತಾ? ಇದನ್ನು ದಾಟಿದವರು ದಯವಿಟ್ಟು ಹೇಳಿ.

ಜಮಖಂಡಿ ಮಾಸ್ತರು:
ತಮ್ಮಾ, ಇದು ಪೂರ್ತಿ ಉಸಿರಿನ ಸಮಸ್ಯೆ. ನನ್ನ ಕ್ಲಾಸಿನಲ್ಲಿ ಇಂಥ ಹುಡುಗರನ್ನು ನೋಡಿದ್ದೇನೆ. ಅವಸರದಲ್ಲಿ ಉಸಿರು ಬಿಗಿ ಹಿಡಿದು ಮಾತಾಡುತ್ತಾರೆ. ದಿನಾ ಬೆಳಿಗ್ಗೆ ಪ್ರಾಣಾಯಾಮ ಮಾಡು. ಮಾತು ಶುರು ಮಾಡುವ ಮುಂಚೆ ಒಂದು ದೀರ್ಘ ಉಸಿರು ತಗೋ, ಆಮೇಲೆ ನಿಧಾನವಾಗಿ ಮಾತಾಡು. ಒಬ್ಬನೇ ಇದ್ದಾಗ ಸರಿ ಬರುತ್ತೆ ಅಂದಮೇಲೆ ನಿನ್ನ ನಾಲಿಗೆಯಲ್ಲಿ ಏನೂ ತೊಂದರೆ ಇಲ್ಲ. ಧೈರ್ಯ ಬಂದರೆ ಸಾಕು.

ಗಾಂಧಿ ಚೌಕ್ (ವಿಜಯಪುರ):
ನನಗೂ ಉಗ್ಗು ಇದೆ. ಈಗ ವಯಸ್ಸು ನಲವತ್ತು ದಾಟಿದೆ, ಬ್ಯಾಂಕಿನ ಕೌಂಟರಿನಲ್ಲಿ ಕೂರುತ್ತೇನೆ. ಡಿಗ್ರಿ ಮುಗಿದ ಮೇಲೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಥೆರಪಿ ತಗೊಂಡೆ. ಆಮೇಲೆ ಈ ವಿಷಯ ಬಿಡದೆ ಓದಿಕೊಂಡು ಬಂದಿದ್ದೇನೆ.

ಒಬ್ಬನೇ ಇದ್ದಾಗ ಸರಿ ಬರುವುದು ಉಗ್ಗು ಇರುವ ಹೆಚ್ಚುಕಡಿಮೆ ಎಲ್ಲರಿಗೂ ಇದೆ. ಹಾಡುವಾಗ, ಭಜನೆಯಲ್ಲಿ ನಾಲ್ಕು ಜನರ ಜೊತೆ ದನಿಗೂಡಿಸುವಾಗ, ನಾಯಿ ದನಗಳ ಹತ್ತಿರ ಮಾತಾಡುವಾಗ ಸಿಕ್ಕಿಕೊಳ್ಳುವುದು ತೀರಾ ಕಡಿಮೆ. ಹಾಗಂತ ಇದು ಹೆದರಿಕೆಯಿಂದ ಹುಟ್ಟಿದ್ದು ಅನ್ನಲು ಬರುವುದಿಲ್ಲ. ಉಗ್ಗು ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಶುರುವಾಗುತ್ತದೆ. ಜನ ಏನಂದಾರು ಅನ್ನುವ ಯೋಚನೆ ಆ ವಯಸ್ಸಿಗೆ ಅಷ್ಟಾಗಿ ಇರುವುದಿಲ್ಲ. ಮನೆತನದಲ್ಲಿ ಬರುವುದೂ ಉಂಟು, ಮಾತಿನ ಚಲನೆಯನ್ನು ಮೆದುಳು ಜೋಡಿಸುವ ರೀತಿಯಲ್ಲೇ ಸ್ವಲ್ಪ ವ್ಯತ್ಯಾಸ ಇರುತ್ತದೆ. ಹೆದರಿಕೆ ಬರುವುದು ಆಮೇಲೆ. ಶಾಲೆಯಲ್ಲಿ ಹಾಜರಿ ಕೂಗುವಾಗ ಯಾರೋ ನಕ್ಕರು, ಅಂಗಡಿಯಲ್ಲಿ ಯಾರೋ ನಮ್ಮ ಮಾತು ಮುಗಿಸಿಕೊಟ್ಟರು, ಹೀಗೆ ಒಂದೊಂದಾಗಿ ಸೇರುತ್ತಾ ಹೋಗುತ್ತದೆ. ದೊಡ್ಡವರಾಗುವಷ್ಟರಲ್ಲಿ ಉಗ್ಗಿಗಿಂತ ಹೆದರಿಕೆಯೇ ದೊಡ್ಡದಾಗಿರುತ್ತದೆ. ಆಗ ಎರಡೂ ಒಂದನ್ನೊಂದು ಸಾಕುತ್ತವೆ.

ನಿಮ್ಮ ಬಸ್ಸಿನದನ್ನೇ ಬಿಡಿಸಿ ನೋಡೋಣ. ಕಂಡಕ್ಟರ್ ಇನ್ನೂ ಮೂರು ಸೀಟು ಆಚೆ ಇದ್ದಾನೆ. ನಿಮ್ಮ ಎದೆ ಬಡಿತ ಏರಿದೆ. 'ಬಾಗಲಕೋಟೆ, ಬಾಗಲಕೋಟೆ' ಅಂತ ಒಳಗೇ ಹೇಳಿಕೊಳ್ಳುತ್ತಿದ್ದೀರಿ. 'ಬ' ಅನ್ನಲು ತುಟಿ ಮುಚ್ಚಬೇಕು ಅಲ್ವಾ? ಅವನು ಹತ್ತಿರ ಬರುವ ಮೊದಲೇ ತುಟಿ ಬಿಗಿಯಾಗಿದೆ, ಗಂಟಲು ಬಿಗಿಯಾಗಿದೆ. "ಎಲ್ಲಿಗ್ರೀ?" ಅಂದ ಕೂಡಲೇ ನೀವು ಆ ಬಿಗಿಯನ್ನು ಒತ್ತಿ ದಾಟಲು ನೋಡುತ್ತೀರಿ. ಒತ್ತಿದಷ್ಟೂ ತುಟಿ ಗಟ್ಟಿಯಾಗುತ್ತದೆ, ದನಿ ಹೊರಡುವುದೇ ಇಲ್ಲ. ಕೊನೆಗೆ "ಹುನಗುಂದ" ಅನ್ನುತ್ತೀರಿ. ಅಬ್ಬಾ ಅನ್ನಿಸುತ್ತದೆ.

ಆ 'ಅಬ್ಬಾ'ದಲ್ಲೇ ತೊಂದರೆ ಇರುವುದು. ಜಾಸ್ತಿ ಕೊಟ್ಟ ಟಿಕೆಟ್ ದುಡ್ಡು ಚಿಕ್ಕ ನಷ್ಟ. 'ಬಾಗಲಕೋಟೆ ಅಂದಿದ್ದರೆ ಏನೋ ಅನಾಹುತ ಆಗುತ್ತಿತ್ತು, ತಪ್ಪಿಸಿಕೊಂಡೆ' ಅಂತ ಒಳಗೆ ಬರೆದುಕೊಳ್ಳುತ್ತದಲ್ಲ, ಅದು ದೊಡ್ಡದು. ಮುಂದಿನ ಸಲ ಹೆದರಿಕೆ ಇನ್ನೊಂದು ಸೀಟು ಮುಂಚೆಯೇ ಶುರುವಾಗುತ್ತದೆ. ಪದ ಬದಲಿಸುವುದು, ಸರಿಯಾದ ಚಿಲ್ಲರೆ ಕೊಟ್ಟು ಸುಮ್ಮನಾಗುವುದು, ಮೊಬೈಲಿನಲ್ಲಿ ಬರೆದು ತೋರಿಸುವುದು, ಜೊತೆಗಿದ್ದವರಿಂದ ಹೇಳಿಸುವುದು, ಎಲ್ಲವೂ ಇದೇ ಜಾತಿಯವು. ಹೆಸರಿಗೆ ಮಾತ್ರ ಬದಲಿ ಪದವೇ ಇಲ್ಲ. ಅದಕ್ಕೇ ನಮ್ಮಲ್ಲಿ ಬಹಳ ಜನರಿಗೆ ತಮ್ಮ ಹೆಸರೇ ಅತಿ ಕಷ್ಟದ ಪದ.

ಮಾಸ್ತರು ಹೇಳಿದ ಉಸಿರಿನ ಮಾತು ಅರ್ಧ ಸರಿ. ದಿನಾ ಪ್ರಾಣಾಯಾಮ ಮಾಡಿದರೆ ಮೈ ಹಗುರಾಗುತ್ತದೆ, ಮಾಡಲಿ. ಆದರೆ ಮಾತಿಗೆ ಮುಂಚೆ ದೀರ್ಘ ಉಸಿರು ಎಳೆಯುವುದನ್ನು ಉಪಾಯವಾಗಿ ಹಿಡಿದುಕೊಂಡರೆ ಅದು ಸ್ವಲ್ಪ ದಿನ ಕೆಲಸ ಮಾಡಿ ಆಮೇಲೆ ಕೈ ಕೊಡುತ್ತದೆ. ಆಗ ಉಸಿರು ಎಳೆದು ನಿಂತಲ್ಲೇ ಸಿಕ್ಕಿಕೊಳ್ಳುತ್ತೀರಿ. ಕಣ್ಣು ಮಿಟುಕಿಸುವುದು, ತೊಡೆ ತಟ್ಟುವುದು ಇವೆಲ್ಲ ಹೀಗೆಯೇ ಒಂದು ಕಾಲಕ್ಕೆ ಉಪಾಯವಾಗಿ ಬಂದು ಅಂಟಿಕೊಂಡಂಥವು.

ಹಾಗಾದರೆ ಏನು ಮಾಡಬೇಕು? ಅಮೆರಿಕದಲ್ಲಿ ಚಾರ್ಲ್ಸ್ ವ್ಯಾನ್ ರೈಪರ್ ಅಂತ ಒಬ್ಬರಿದ್ದರು. ಅವರಿಗೇ ಜೋರು ಉಗ್ಗಿತ್ತು, ಆಮೇಲೆ ಉಗ್ಗಿನ ಚಿಕಿತ್ಸೆಯಲ್ಲೇ ಹೆಸರು ಮಾಡಿದರು. ಉಗ್ಗದೆ ಇರಲು ಒದ್ದಾಡುವ ಬದಲು ಸಡಿಲವಾಗಿ ಉಗ್ಗುವುದನ್ನು ಕಲಿಯಿರಿ ಅನ್ನುವುದು ಅವರ ದಾರಿ. ನಾನು ಥೆರಪಿಯಲ್ಲಿ ಕಲಿತದ್ದೂ ಹೆಚ್ಚುಕಡಿಮೆ ಅದನ್ನೇ. ಬಸ್ಸಿಗೆ ಹೊಂದಿಸಿ ಹೇಳುತ್ತೇನೆ.

ಮೊದಲು ಬೇಕಂತಲೇ ಉಗ್ಗಿ. ಹೌದು, ಬೇಕಂತಲೇ. ಆದರೆ ಹೆದರಿಕೆ ಇರುವ ಪದದ ಮೇಲೆ ಬೇಡ. ಚಹಾದಂಗಡಿಯಲ್ಲಿ "ಒ-ಒ-ಒಂದು ಚಾ ಕೊಡ್ರಿ" ಅನ್ನಿ. ತುಟಿ ನಾಲಿಗೆ ಸಡಿಲ ಇರಲಿ, ಅವಸರ ಬೇಡ, ಎದುರಿನವರ ಮುಖ ನೋಡುತ್ತಲೇ ಹೇಳಿ. ಮುಖ ನೋಡುವುದು ಬಹಳ ಮುಖ್ಯ. ನಾವು ಸಿಕ್ಕಿಕೊಂಡಾಗ ಕಣ್ಣು ಕೆಳಗೆ ಹಾಕುತ್ತೇವೆ, ಹಾಗಾಗಿ ಅವರು ನಿಜವಾಗಿ ಏನು ಮಾಡಿದರು ಅಂತ ನಮಗೆ ಗೊತ್ತೇ ಆಗುವುದಿಲ್ಲ. ನಕ್ಕರು ಅಂದುಕೊಂಡು ಬರುತ್ತೇವೆ. ನೋಡಿದರೆ ಅವನು ಹಾಲು ಉಕ್ಕುತ್ತಾ ಅಂತ ಒಲೆ ನೋಡುತ್ತಿರುತ್ತಾನೆ.

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಹೋಗುವ ಮುಂಚೆ ಎರಡು ಸಂಗತಿ ಬರೆಯಿರಿ: ಏನಾಗುತ್ತದೆ ಅಂತ ಹೆದರಿಕೆ, ಆ ಹೆದರಿಕೆಗೆ ಹತ್ತಕ್ಕೆ ಎಷ್ಟು. ಬಂದ ಮೇಲೆ ನಿಜವಾಗಿ ಏನಾಯಿತು ಅಂತ ಬರೆಯಿರಿ. ಚಹಾದಂಗಡಿ ಮೂರಕ್ಕೆ, ನಾಲ್ಕಕ್ಕೆ ಇಳಿದ ಮೇಲೆ ಇನ್ನೊಂದು ಕಡೆ ಹೋಗಿ. ಗಣಪತ್ ಗಲ್ಲಿಯಲ್ಲಿ ಯಾವುದಾದರೂ ಅಂಗಡಿಗೆ ಹೋಗಿ ರೇಟು ಕೇಳಿ. ಆಮೇಲೆ ಬಸ್ಸು. ಹೆಸರು ಹೇಳುವ ಫೋನು ಕೊನೆಗೆ. ಮೊದಲೇ ಫೋನಿಗೆ ಹಾರಿ, ಎದೆ ಬಡಿದು, ಫೋನ್ ಇಟ್ಟುಬಿಟ್ಟರೆ ಮತ್ತೆ ಅದೇ 'ಅಬ್ಬಾ' ಕಲಿತ ಹಾಗೆ.

ಬಸ್ಸಿನಲ್ಲಿ ಕೆಲಸ ಎರಡೇ. ಒಂದು, ಬಾಗಲಕೋಟೆ ಅನ್ನುವ ಪದವನ್ನು ಬದಲಿಸಬಾರದು. ಎರಡು, ಸಿಕ್ಕಿಕೊಂಡರೆ ಒತ್ತಬಾರದು. ತುಟಿ ಬಿಗಿಯಾದ ಜಾಗದಲ್ಲೇ ಒಂದು ಕ್ಷಣ ನಿಲ್ಲಿ. ಎಲ್ಲಿ ಬಿಗಿ ಇದೆ ಅಂತ ಗಮನಿಸಿ. ಅಲ್ಲೇ ನಿಧಾನಕ್ಕೆ ಸಡಿಲ ಬಿಟ್ಟು 'ಬಾ' ಅನ್ನುವುದನ್ನು ಎಳೆದು ಹೊರಗೆ ತನ್ನಿ. ಹಿಂದೆ ಹೋಗಿ ಮೊದಲಿಂದ ಶುರು ಮಾಡಬೇಡಿ. ಒತ್ತಿ ಹೇಳಿಯೇಬಿಟ್ಟಿರಾ? ಪರವಾಗಿಲ್ಲ. ಮೂರು ಸೆಕೆಂಡು ಸುಮ್ಮನಿದ್ದು, ಅದೇ ಪದವನ್ನು ಸಡಿಲವಾಗಿ ಇನ್ನೊಮ್ಮೆ ಹೇಳಿ. ಬಸ್ಸಿನ ಗದ್ದಲದಲ್ಲಿ ಊರ ಹೆಸರನ್ನು ಎರಡು ಸಲ ಹೇಳುವವರು ಬಹಳ ಜನ, ಯಾರೂ ತಿರುಗಿ ನೋಡುವುದಿಲ್ಲ.

ಸಡಿಲ ಮಾಡುವುದನ್ನು ಮಾತ್ರ ಮನೆಯಲ್ಲಿ ಜೋರಾಗಿ ಓದುತ್ತಾ ಕೈ ಕೂಡಿಸಿಕೊಳ್ಳಬೇಕು. ಬಸ್ಸಿನಲ್ಲೇ ಮೊದಲ ಸಲ ಮಾಡಲು ಹೋದರೆ ಬರುವುದಿಲ್ಲ.

ನವನಗರದ ಹುಡುಗ:
ಸರ್, ಬೇಕಂತ ಉಗ್ಗುವುದು ಓದಿದಾಗಲೇ ಮೈ ಬೆವರಿತು. ಬೇಕಂತ ಶುರು ಮಾಡಿ ನಿಜವಾಗಿಯೇ ಸಿಕ್ಕಿಕೊಂಡರೆ?

ಗಾಂಧಿ ಚೌಕ್:
ಸಿಕ್ಕಿಕೊಳ್ಳುತ್ತೀರಿ. ಎಲ್ಲರಿಗೂ ಆಗುತ್ತದೆ. ಆಗ ಓಡಬೇಡಿ, ಅದೇ ಪದವನ್ನು ಸಡಿಲ ಮಾಡಿ ಮುಗಿಸಿ. ನೀವು ಮಾಡುತ್ತಿರುವುದು ಸರಿಯಾ ತಪ್ಪಾ ಅಂತ ತಿಳಿಯಲು ಒಂದು ಗುರುತು ಹೇಳುತ್ತೇನೆ. ಬೇಕಂತ ಉಗ್ಗುವಾಗ ಬೇಗ ಬೇಗ ಮುಗಿಸಿ ಪಾರಾಗಬೇಕು ಅನ್ನಿಸಿದರೆ, ಆ ಮೆಟ್ಟಿಲು ನಿಮಗೆ ಇನ್ನೂ ಎತ್ತರದ್ದು. ಒಂದು ಮೆಟ್ಟಿಲು ಇಳಿದು ಮಾಡಿ. ತಮ್ಮನ ಹತ್ತಿರ ಶುರು ಮಾಡಿದರೂ ನಡೆಯುತ್ತದೆ. ಅವನಿಗೆ ಮೊದಲೇ ಹೇಳಿಬಿಡಿ, ಮಾತು ಮುಗಿಸಿಕೊಡಬಾರದು ಅಂತಲೂ ಹೇಳಿ.

ಎಷ್ಟು ಸಲ ಉಗ್ಗಿದೆ ಅಂತ ಎಣಿಸಲು ಹೋಗಬೇಡಿ. ಅನ್ನಬೇಕಾದ ಪದವನ್ನೇ ಅಂದೆನಾ ಅಂತ ಮಾತ್ರ ಕೇಳಿಕೊಳ್ಳಿ.

ಮುಧೋಳದ ಅವ್ವ:
ನನ್ನ ಮಗನಿಗೆ ಈಗ ನಾಲ್ಕು ವರ್ಷ. ಎರಡು ತಿಂಗಳಿಂದ 'ಅ-ಅ-ಅವ್ವಾ' ಅಂತಿದ್ದಾನೆ. ನಮ್ಮ ಅತ್ತೆಯವರು ದಿನಾ ನಾಲಿಗೆಗೆ ಬಜೆ ತೇಯ್ದು ಜೇನುತುಪ್ಪದಲ್ಲಿ ಹಚ್ಚುತ್ತಾರೆ. ಇವನಿಗೂ ಅಂಗಡಿಗೆ ಕಳಿಸಿ ಬೇಕಂತ ಉಗ್ಗಿಸಬೇಕಾ? ನನಗೆ ಬಹಳ ಚಿಂತೆ ಆಗಿದೆ.

ತಿಲಕವಾಡಿ (ಬೆಳಗಾವಿ, ಸ್ಪೀಚ್ ಥೆರಪಿಸ್ಟ್):
ಅಕ್ಕಾರೆ, ಬೇಡ ಬೇಡ. ಮೇಲಿನದೆಲ್ಲ ದೊಡ್ಡವರಿಗೆ. ಈ ವಯಸ್ಸಿನಲ್ಲಿ ಶುರುವಾದ ಬಹಳಷ್ಟು ಮಕ್ಕಳಲ್ಲಿ ಅದು ತಾನಾಗಿಯೇ ಹೋಗುತ್ತದೆ. 'ನಿಧಾನ ಮಾತಾಡು', 'ಸರಿಯಾಗಿ ಹೇಳು' ಅನ್ನುವುದನ್ನು ಬಿಡಿ. ನೀವೇ ಅವನ ಹತ್ತಿರ ನಿಧಾನವಾಗಿ ಮಾತಾಡಿ, ಅವನು ಮುಗಿಸುವ ತನಕ ಕಾಯಿರಿ. ಬಜೆಯಿಂದ ಉಗ್ಗು ಹೋಗುವುದಿಲ್ಲ, ಅಷ್ಟು ಸಣ್ಣ ಮಗುವಿಗೆ ದಿನಾ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಮನೆಯಲ್ಲಿ ಬೇರೆ ಯಾರಿಗಾದರೂ ದೊಡ್ಡವರಾದ ಮೇಲೂ ಉಗ್ಗು ಉಳಿದಿದ್ದರೆ, ಅಥವಾ ಅವನು ಮಾತಿಗೆ ಮುಖ ಬಿಗಿ ಮಾಡುತ್ತಿದ್ದರೆ, ಮಾತೇ ಬೇಡ ಅಂತ ಸುಮ್ಮನಾಗುತ್ತಿದ್ದರೆ ಕಾಯಬೇಡಿ, ಈಗಲೇ ತೋರಿಸಿ.

ನವನಗರದವರ ಪ್ರಶ್ನೆಗೂ ಒಂದು ಮಾತು. ಹೆದರಿಕೆ ಹೋದರೆ ಉಗ್ಗೂ ಹೋಗುತ್ತಾ ಅಂತ ಕೇಳಿದ್ದೀರಿ. ಆಸ್ಟ್ರೇಲಿಯಾದಲ್ಲಿ ಇದನ್ನು ಪರೀಕ್ಷೆ ಮಾಡಿ 2008ರಲ್ಲಿ ಪ್ರಕಟಿಸಿದ್ದಾರೆ. ಬರೀ ಮಾತಿನ ಥೆರಪಿ ತಗೊಂಡವರನ್ನು, ಅದರ ಜೊತೆ ಹೆದರಿಕೆಗೂ ಥೆರಪಿ ತಗೊಂಡವರನ್ನು ಹೋಲಿಸಿ ನೋಡಿದರು. ಎರಡನೆಯವರಿಗೆ ಹೆದರಿಕೆ ಚೆನ್ನಾಗಿ ಇಳಿಯಿತು, ಮಾತನಾಡುವ ಜಾಗಗಳಿಂದ ತಪ್ಪಿಸಿಕೊಳ್ಳುವುದು ಕಡಿಮೆಯಾಯಿತು. ಆದರೆ ಉಗ್ಗು ಮಾತ್ರ ಅದರಿಂದ ಹೆಚ್ಚು ಇಳಿಯಲಿಲ್ಲ. ಆದ್ದರಿಂದ ಎರಡಕ್ಕೂ ಬೇರೆ ಬೇರೆ ಕೆಲಸ ಬೇಕು ಅಂತ ನಾನು ನನ್ನ ಹತ್ತಿರ ಬರುವವರಿಗೆ ಮೊದಲ ದಿನವೇ ಹೇಳುತ್ತೇನೆ. ಹೆದರಿಕೆ ಇಳಿದರೆ ಬಿಗಿ ಸಡಿಲವಾಗಿ ಕೆಲವರಿಗೆ ಮಾತೂ ಸುಲಭವಾಗುತ್ತದೆ. ಎಲ್ಲರಿಗೂ ಅಷ್ಟೇ ಆಗುತ್ತದೆ ಅಂತ ಮಾತು ಕೊಡಲು ಬರುವುದಿಲ್ಲ.

ಯಾರ ಹತ್ತಿರ ಹೋದರೂ ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ ಅಂತ ಕೇಳಿ. ಇಷ್ಟು ದಿನದಲ್ಲಿ ಪೂರ್ತಿ ವಾಸಿ ಅಂತ ಬೋರ್ಡ್ ಹಾಕಿದವರಿಂದ ದೂರ ಇರಿ.

ಸಿಂದಗಿ ಮೆಡಿಕಲ್:
ಇಂಟರ್ವ್ಯೂ ಇದೆ, ಭಾಷಣ ಇದೆ ಅಂತ ಪ್ರೊಪ್ರಾನೊಲಾಲ್ ಕೇಳಿಕೊಂಡು ನಮ್ಮ ಅಂಗಡಿಗೆ ಬರುವವರಿದ್ದಾರೆ. ಯಾರಾದರೂ ನಿಮಗೂ ಹೇಳಿಯಾರು, ಅದಕ್ಕೇ ಬರೆಯುತ್ತಿದ್ದೇನೆ. ಅದು ಎದೆ ಬಡಿತ, ಕೈ ನಡುಕ ಇಳಿಸುತ್ತದೆ. ಅಸ್ತಮಾ ಇದ್ದವರು ತಗೊಂಡರೆ ಉಸಿರಿಗೇ ಸಂಚಕಾರ. ಡಾಕ್ಟರ್ ಬರೆದುಕೊಡದೆ ಮುಟ್ಟಬೇಡಿ. ಉಗ್ಗಿಗೆ ಅಂತಲೇ ಗುಣ ಮಾಡುವ ಮಾತ್ರೆ ಯಾವುದೂ ನಮ್ಮ ಹತ್ತಿರ ಇಲ್ಲ.

ಖಡೇಬಜಾರ್ (ಬೆಳಗಾವಿ):
ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ ಮಾತಾಡುವವಳು ನಾನು. ನನ್ನ ಉಗ್ಗು ಕನ್ನಡದಲ್ಲಿ ಜಾಸ್ತಿ, ಮರಾಠಿಯಲ್ಲಿ ಕಡಿಮೆ. ನನ್ನ ಅಣ್ಣನಿಗೂ ಉಗ್ಗು ಇದೆ, ಅವನಿಗೆ ಉಲ್ಟಾ. ಇದು ಭಾಷೆಯಿಂದಲೋ, ಆ ಭಾಷೆ ಮಾತಾಡುವ ಜನರ ಹೆದರಿಕೆಯಿಂದಲೋ ನನಗೆ ಇವತ್ತಿಗೂ ತಿಳಿದಿಲ್ಲ. ಯಾರಿಗಾದರೂ ಹೀಗೆ ಇದೆಯಾ?

ಬಸ್ಸಿನದು ನನಗೂ ಇದೆ. ನಮಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಪುಕ್ಕಟೆ, ಆದರೂ ಸೊನ್ನೆ ಟಿಕೆಟ್ ಹರಿದುಕೊಡಲು ಊರ ಹೆಸರು ಹೇಳಲೇಬೇಕು. ದುಡ್ಡು ಕೈಯಲ್ಲಿ ಹಿಡಿದು ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ. ನಾನು ಮಾಡುವುದು ಒಂದೇ. ಕಂಡಕ್ಟರ್ ಬಂದ ಕೂಡಲೇ "ಅಣ್ಣಾರ, ನನಗ ಮಾತು ತಡಿತೈತ್ರಿ, ಒಂದ್ ಸ್ವಲ್ಪ ನಿಲ್ರಿ" ಅಂದುಬಿಡುತ್ತೇನೆ. ಬಚ್ಚಿಡಬೇಕು ಅನ್ನುವುದು ಅಲ್ಲಿಗೇ ಮುಗಿಯಿತು. ಅರ್ಧ ಬಿಗಿ ಅಷ್ಟಕ್ಕೇ ಹೋಗುತ್ತದೆ. ಗೋಗಟೆ ಸರ್ಕಲ್ ಕಡೆ ಹೋಗುವ ಬಸ್ಸಿನಲ್ಲಿ ಒಬ್ಬ ಕಂಡಕ್ಟರ್ ಒಮ್ಮೆ ರೇಗಿದ್ದೂ ಉಂಟು. ಎಲ್ಲರೂ ಒಳ್ಳೆಯವರೇ ಅಂತ ಸುಳ್ಳು ಹೇಳುವುದಿಲ್ಲ. ಆದರೆ ರೇಗಿದವರು ತೀರಾ ಕಡಿಮೆ.

ಜಮಖಂಡಿ ಮಾಸ್ತರು:
ನಾನೇ ನನ್ನ ಕುಂದನ್ನು ಮೊದಲು ಹೇಳಿಕೊಂಡರೆ ಜನ ಇನ್ನೂ ಸಸಾರ ಮಾಡುವುದಿಲ್ಲವೇ? ಇಂಟರ್ವ್ಯೂನಲ್ಲಿ ಹೀಗೆ ಹೇಳಿದರೆ ಕೆಲಸ ಕೊಡುತ್ತಾರಾ? ಇದನ್ನು ನಾನು ಒಪ್ಪುವುದಿಲ್ಲ.

ಗಾಂಧಿ ಚೌಕ್:
ಮಾಸ್ತರೆ, ಇಂಟರ್ವ್ಯೂ ವಿಷಯದಲ್ಲಿ ನಿಮ್ಮ ಅನುಮಾನ ನ್ಯಾಯವೇ. ನಾನು ಹೇಳಿದ್ದೆ, ನನಗೆ ಕೆಲಸ ಸಿಕ್ಕಿತು. ಹೇಳಿ ಕೆಲಸ ಕಳಕೊಂಡ ಗೆಳೆಯನೂ ಇದ್ದಾನೆ. ಅದನ್ನು ಅವರವರೇ ತೀರ್ಮಾನಿಸಬೇಕು. ಆದರೆ ದಿನದ ಮಾತಿನಲ್ಲಿ, ಅಂಗಡಿ, ಬಸ್ಸು, ಫೋನಿನಲ್ಲಿ ಖಡೇಬಜಾರ್ ಅಕ್ಕ ಹೇಳಿದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ. ಹೇಳುವ ರೀತಿ ಮಾತ್ರ ನೋಡಿಕೊಳ್ಳಬೇಕು. 'ಕ್ಷಮಿಸಿ, ನನಗೆ ಸರಿಯಾಗಿ ಮಾತಾಡಲು ಬರಲ್ಲ' ಅಂತ ತಲೆ ತಗ್ಗಿಸಿ ಹೇಳಿದರೆ ಎದುರಿನವರಿಗೂ ಮುಜುಗರ. ಅಕ್ಕ ಹೇಳಿದ ಹಾಗೆ, ಸಂಗತಿ ಹೇಳಿ, ಅವರು ಏನು ಮಾಡಬೇಕು ಅಂತಲೂ ಹೇಳಿಬಿಟ್ಟರೆ ಮುಗಿಯಿತು.

ನವನಗರದ ಹುಡುಗ:
ಎಲ್ಲರಿಗೂ ಧನ್ಯವಾದ. ಚಹಾದಂಗಡಿಯಲ್ಲಿ ಮಾಡಿದೆ. ಬೇಕಂತ ಉಗ್ಗಿದೆ, ಅವನ ಮುಖ ನೋಡಿದೆ. "ಸಕ್ಕರಿ ಎಷ್ಟ್ರೀ?" ಅಂತ ಕೇಳಿದ, ಅಷ್ಟೇ. ಹೋಗುವಾಗ ಹೆದರಿಕೆ ಎಂಟು ಅಂತ ಬರೆದಿದ್ದೆ, ವಾಪಸ್ ಬಂದಾಗ ಆರು. ಶನಿವಾರ ಊರಿಗೆ ಹೋಗುವಾಗ ಬಸ್ಸಿನಲ್ಲಿ ಮಾತ್ರ ಆಗಲಿಲ್ಲ. ಹುನಗುಂದ ಅನ್ನಲಿಲ್ಲ, ಆದರೆ ಬಾಯಿ ತೆರೆಯದೆ ಮೊಬೈಲಿನಲ್ಲಿ ಬರೆದು ತೋರಿಸಿದೆ. ಇನ್ನು ಫೋನಿನದು ಕೇಳಬೇಕು. ಫೋನಿನಲ್ಲಿ ನಾನು ಸಿಕ್ಕಿಕೊಂಡಾಗ ಆ ಕಡೆಯವರು 'ಹಲೋ, ಹಲೋ' ಅಂದು ಕಟ್ ಮಾಡುತ್ತಾರೆ. ಅಲ್ಲಿ ಮುಖವೂ ಕಾಣಲ್ಲ. ಏನು ಮಾಡಲಿ?

ಗಾಂಧಿ ಚೌಕ್:
ಚಹಾದಂಗಡಿ ಆರರಲ್ಲಿ ಇದ್ದಾಗಲೇ ಬಸ್ಸಿಗೆ ಹೋದಿರಿ, ಸ್ವಲ್ಪ ಬೇಗ ಆಯಿತು. ಇನ್ನಷ್ಟು ದಿನ ಚಹಾದಂಗಡಿ, ಕಿರಾಣಿ ಅಂಗಡಿಯಲ್ಲೇ ಇರಿ.

ಫೋನಿನಲ್ಲಿ ಅವರು ಕಟ್ ಮಾಡುವುದು ಬಹಳ ಸಲ ನಿಮ್ಮ ಉಗ್ಗಿಗಲ್ಲ. ದನಿ ಬರದಿದ್ದರೆ ಲೈನ್ ಹೋಯಿತು ಅಂದುಕೊಳ್ಳುತ್ತಾರೆ, ಹೊಲದಲ್ಲಿ ನೆಟ್‌ವರ್ಕ್ ಹಾಗೇ ಇರುತ್ತದೆ. ಅದಕ್ಕೇ ಫೋನಿನಲ್ಲಿ ತುಟಿ ಮುಚ್ಚಿ ನಿಲ್ಲುವುದಕ್ಕಿಂತ ದನಿ ಹರಿಯುವ ಉಗ್ಗು ಒಳ್ಳೆಯದು. 'ಬ' ಮೇಲೆ ತುಟಿಯನ್ನು ಸುಮ್ಮನೆ ತಾಗಿಸಿ 'ಬ-ಬ-ಬ' ಅಂತ ಸಡಿಲವಾಗಿ ಬರಲಿ. ನೀವು ಲೈನಿನಲ್ಲಿದ್ದೀರಿ ಅಂತ ಅವರಿಗೆ ತಿಳಿಯುತ್ತದೆ. ಅವರು ಹಲೋ ಅಂದ ಮೇಲೆ ಹೆಸರಿಗೆ ಹಾರದೆ "ಟ್ರ್ಯಾಕ್ಟರ್ ಶೋರೂಮಿಂದ ಮಾತಾಡೋದ್ರಿ, ನನಗ ಮಾತು ಸ್ವಲ್ಪ ತಡಿತೈತಿ" ಅಂತ ಶುರು ಮಾಡಿ. ಹೆಸರು ಮಾತ್ರ ಬಿಡಬೇಡಿ, ಆ ಮಾತಿನ ಹಿಂದೆಯೇ ಹೇಳಿ.

ಆಫೀಸಿನ ಫೋನಿಗೆ ಮುಂಚೆ ನಿಮ್ಮ ಸ್ವಂತ ಮೊಬೈಲಿನಿಂದ ಗುರುತಿಲ್ಲದ ಅಂಗಡಿಗಳಿಗೆ ಮಾಡಿ. 'ಎಷ್ಟೊತ್ತಿಗೆ ಬಾಗಿಲು ಹಾಕ್ತೀರಿ?' ಅಂತ ಕೇಳಿ ಇಡಿ. ಅಲ್ಲಿ ನಿಮ್ಮ ಹೆಸರು ಯಾರಿಗೂ ಬೇಕಾಗಿಲ್ಲ. ಕಟ್ ಮಾಡಿದರೆ ಅದೇ ನಂಬರಿಗೆ ಕೂಡಲೇ ಇನ್ನೊಮ್ಮೆ ಮಾಡಿ.

ತಿಲಕವಾಡಿ:
ಒಂದು ಮಾತು ಸೇರಿಸುತ್ತೇನೆ. ಕೆಲಸ ಬಿಟ್ಟುಬಿಡೋಣ ಅನ್ನಿಸುವಷ್ಟು ಹೆದರಿಕೆ, ನಿದ್ದೆ ಬರದಿರುವುದು, ಬದುಕೇ ಬೇಡ ಅನ್ನುವ ಯೋಚನೆ ಬಂದರೆ ಒಬ್ಬರೇ ನೋಟ್‌ಬುಕ್ ಹಿಡಿದು ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಬೆಳಗಾವಿಯಿಂದ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಕೂಡ ದೂರವಿಲ್ಲ. ಫೋನೇ ಕಷ್ಟ ಅಂದರೆ ನೇರ ಅಲ್ಲಿಗೆ ಹೋಗಿ, ಮೊದಲೇ ಎಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೂ ನಡೆಯುತ್ತದೆ. ಅಲ್ಲಿ ಬರೆದು ತೋರಿಸಿದರೆ ತಪ್ಪಿಲ್ಲ.

ಖಡೇಬಜಾರ್:
ನನ್ನ ಮರಾಠಿ ಕನ್ನಡ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಎರಡು ಭಾಷೆಯವರು ಯಾರಾದರೂ ಇದ್ದರೆ ಬರೆಯಿರಿ. ನವನಗರದವರೆ, ಮುಂದಿನ ಶನಿವಾರ ಬಸ್ಸಿನದು ಏನಾಯಿತು ಹೇಳಿ. ಮತ್ತೆ ಮೊಬೈಲ್ ತೋರಿಸಿದರೂ ಹೇಳಿ.